ಚಿತ್ರದ ಕೆಳಗಿನ ಮಾತು

ಗುಂಡಿ ಒತ್ತಿದ ಮೇಲೆ ತಂಗಿ ನಾಲಿಗೆ ಕಚ್ಚಿಕೊಂಡಳು.

"ಅಕ್ಕಾ, ಒಂದು ನಿಮಿಷ ಬೈಬೇಡ."

ಏನಾಯಿತು ಎಂದು ಕೇಳುವಷ್ಟರಲ್ಲೇ ಮೇಜಿನ ಮೇಲಿದ್ದ ಫೋನು ನಡುಗಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ಬಿಡುವೇ ಇಲ್ಲದೆ, ಅಂಗಾತ ಬಿದ್ದ ದುಂಬಿಯ ಹಾಗೆ ಗುಂಯ್‌ಗುಟ್ಟುತ್ತ ಮೇಜಿನ ಅಂಚಿನವರೆಗೂ ಸರಿಯಿತು. ಅಕ್ಕ ಅದನ್ನು ಹಿಡಿದೆತ್ತಿ ನೋಡಿದಳು. "ಹೊಸ ಕೆಲಸಕ್ಕೆ ಅಭಿನಂದನೆಗಳು." ಕೆಳಗೆ ಮತ್ತೊಬ್ಬರದು, "ಹೊಸ ಕೆಲಸಕ್ಕೆ ಅಭಿನಂದನೆಗಳು." ಅದರ ಕೆಳಗೆ ಮತ್ತೂ ಒಬ್ಬರದು. ಎಲ್ಲರೂ ಒಂದೇ ಬಾಯಿಂದ ಮಾತಾಡಿದ ಹಾಗಿತ್ತು.

"ಏನು ಮಾಡಿದೆ?"

"ನಾನೇನೂ ಮಾಡ್ಲಿಲ್ಲ, ಅದೇ ಮಾಡ್ತು," ಎಂದಳು ತಂಗಿ. "ಪ್ರೊಫೈಲಲ್ಲಿ ಹೊಸ ಕೆಲಸ ತುಂಬಿದ್ವಲ್ಲ, ಅದರ ಕೆಳಗೆ ಒಂದು ಸಣ್ಣ ಸ್ವಿಚ್ ಇರುತ್ತೆ. 'ಪರಿಚಯದವರಿಗೆ ತಿಳಿಸು' ಅಂತ. ಅದನ್ನ ಆಫ್ ಮಾಡಿ ಆಮೇಲೆ ಒತ್ತಬೇಕಿತ್ತು. ಮರೆತೆ. ಡಂಗುರ ಹೊಡೆದುಬಿಟ್ಟಿದೆ."

ಶನಿವಾರದ ಮಧ್ಯಾಹ್ನ ಮೂರು ಗಂಟೆ. ಅಡುಗೆಮನೆಯ ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕತಂಗಿಯರಿಬ್ಬರೂ ಟೀ ಇಟ್ಟುಕೊಂಡು ಕೂತಿದ್ದು ಒಂದೇ ಕೆಲಸಕ್ಕೆ: ಉದ್ಯೋಗಸ್ಥರ ಜಾಲತಾಣದಲ್ಲಿ ಒಂದು ಚಿತ್ರ ಹಾಕಿ ಅದರ ಕೆಳಗೆ ನಾಲ್ಕು ಸಾಲು ಬರೆಯುವುದು. ಅಕ್ಕ ಹೊಸ ಕೆಲಸ ಹಿಡಿದು ಮೊದಲ ವಾರ ಮುಗಿದಿತ್ತು. ಅದಕ್ಕೂ ಮೊದಲಿನ ಏಳು ತಿಂಗಳು ಅಲ್ಲಿ ಅವಳ ಹೆಸರಿನ ಪಕ್ಕದ ಫೋಟೋಗೆ ಹಸಿರು ಪಟ್ಟಿಯೊಂದು ಅಂಟಿಕೊಂಡಿತ್ತು, "ಕೆಲಸ ಹುಡುಕುತ್ತಿದ್ದೇನೆ" ಎಂದು. ಮೊದಲು ಆ ಪಟ್ಟಿ ತೆಗೆಯೋಣ, ಆಮೇಲೆ ಕೆಲಸ ತುಂಬೋಣ, ಆಮೇಲೆ ನಿಧಾನವಾಗಿ ಬರೆಯೋಣ ಎಂದು ಕ್ರಮ ಹಾಕಿಕೊಟ್ಟವಳು ತಂಗಿಯೇ. ಒಂದು ಕಾಲೇಜಿನ ಕಚೇರಿಯಲ್ಲಿ ಪ್ರಕಟಣೆಗಳನ್ನು ಬರೆಯುವುದು ಅವಳ ಹೊಟ್ಟೆಪಾಡು. ಇಂಥದ್ದರಲ್ಲಿ ಪಳಗಿದ ಕೈ.

ಅಕ್ಕ ಆ ಅಭಿನಂದನೆಗಳ ಸಾಲನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು. ತಳ್ಳುತ್ತಿದ್ದ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ತಕ್ಕಡಿಯಣ್ಣ," ಎಂದಳು ಮೆಲ್ಲಗೆ.

"ಏನಂತೆ?"

"ಹೊಸ ಕೆಲಸಕ್ಕೆ ಅಭಿನಂದನೆಗಳು."

ಆ ಸಾಲು ಅವನು ಬರೆದದ್ದಲ್ಲವೆಂದು ತಂಗಿಗೂ ಗೊತ್ತಿತ್ತು. ಆ ಜಾಲತಾಣ ತಾನೇ ಮಾತು ಸಿದ್ಧಮಾಡಿ ಗುಂಡಿಯ ಹಾಗೆ ಕೆಳಗೆ ಇಟ್ಟಿರುತ್ತದೆ. ಒತ್ತಿದರೆ ಹೋಯಿತು. ಬಾಯಿ ತುಂಬ ಬೈದು, ಬೈದದ್ದಕ್ಕಿಂತ ಹೆಚ್ಚು ನಗುತ್ತಿದ್ದ ಮನುಷ್ಯ ಹಾಗೆ ಒಂದು ಗುಂಡಿ ಒತ್ತಿ ಸುಮ್ಮನಾಗಿದ್ದ. ಬೈಗುಳಕ್ಕಿಂತ ಅದೇ ಹೆಚ್ಚು ನೋಯಿಸಿತು.

ಅವನಿಗೆ ಆ ಹೆಸರು ಬಂದದ್ದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಬಣ್ಣದ ಪುಡಿ ತೂಗುವುದು ಅವನ ಕೆಲಸ. ಅಂಗೈಯಲ್ಲಿ ಪುಡಿಯ ಪೊಟ್ಟಣ ಇಟ್ಟರೆ ಎರಡು ಗ್ರಾಂ ಹೆಚ್ಚುಕಡಿಮೆಯನ್ನು ಹೇಳಿಬಿಡುತ್ತಿದ್ದ. ತಕ್ಕಡಿಯಲ್ಲಿ ನೋಡಿದರೆ ಸರಿಯಿರುತ್ತಿತ್ತು. ಅವನು ತೂಗಿ ಕೊಟ್ಟದ್ದನ್ನು ಕರಗಿಸಿ, ಅಂಗೈಯಗಲ ಬಟ್ಟೆ ಅದ್ದಿ, ಗಿರಾಕಿ ಕಳಿಸಿದ ತುಂಡಿಗೆ ಹೋಲುತ್ತದೆಯೇ ಎಂದು ದೀಪದ ಪೆಟ್ಟಿಗೆಯಲ್ಲಿಟ್ಟು ನೋಡುವುದು ಇವಳ ಕೆಲಸ. ಆ ಪೆಟ್ಟಿಗೆಯೊಳಗೆ ಮೂರು ಬಗೆಯ ದೀಪ. ಹಗಲಿನ ಬೆಳಕಿನಲ್ಲಿ ಅವಳಿ ಜವಳಿ ಎನಿಸಿದ ಎರಡು ನೀಲಿಗಳು ಅಂಗಡಿಯ ಬೆಳಕಿನಲ್ಲಿ ದಾಯಾದಿಗಳ ಹಾಗೆ ಮುಖ ತಿರುಗಿಸಿಬಿಡುತ್ತಿದ್ದವು. ಮೂರರಲ್ಲೂ ಒಂದಾಗಿ ಕಂಡರೆ ಮಾತ್ರ ಅವಳು ತಲೆಯಾಡಿಸಬೇಕು. ಹದಿನಾಲ್ಕು ವರ್ಷ ತಲೆಯಾಡಿಸಿದ್ದಳು. ಆಮೇಲೆ ಯಂತ್ರವೊಂದು ಬಂತು. ಬಟ್ಟೆಯ ಮೇಲೆ ಬಾಯಿಟ್ಟು ಚಕ್ಕನೆ ಮಿಂಚಿ ಬಣ್ಣವನ್ನು ಅಂಕಿಯಾಗಿ ಉಗುಳುವ ಯಂತ್ರ. ಅದರ ಜೊತೆಗೇ ಆರ್ಡರುಗಳೂ ಇಳಿದವು. ಒಂದು ಬೆಳಿಗ್ಗೆ ಹನ್ನೊಂದು ಜನರನ್ನು ಒಂದೊಂದೇ ಹೆಸರು ಕರೆದು ಮೇಲಿನ ಕೋಣೆಗೆ ಕರೆಸಿದರು. ಸಿಬ್ಬಂದಿ ವಿಭಾಗದ ಹೆಂಗಸು ಎದುರಿಗಿದ್ದವರ ಮುಖ ನೋಡದೆ ಕೆಲಸದಿಂದ ತೆಗೆದ ಕಾಗದ ಓದಿದಳು. ಸಹಿ ಹಾಕಿಸಿಕೊಂಡಳು. ಗೇಟಿನವರೆಗೆ ತನ್ನ ಪೆಟ್ಟಿಗೆಯನ್ನೂ ಇವಳ ಪೆಟ್ಟಿಗೆಯನ್ನೂ ಒಂದರ ಮೇಲೊಂದಿಟ್ಟು ಹೊತ್ತು ತಂದವನು ತಕ್ಕಡಿಯಣ್ಣ.

ಆಮೇಲೆ ಅವನು ಫೋನು ಮಾಡಿದ. ಇವಳು ಎತ್ತಲಿಲ್ಲ. ನಾಳೆ ಮಾಡೋಣ ಎಂದುಕೊಂಡಳು. ಹೇಳಲು ಏನಾದರೂ ಇರಲಿ, ಆಗ ಮಾಡೋಣ ಎಂದುಕೊಂಡಳು. ಏಳು ತಿಂಗಳಲ್ಲಿ ಅವನು ಹತ್ತೊಂಬತ್ತು ಸಲ ಮಾಡಿದ. ಕೊನೆಯ ಎರಡು ತಿಂಗಳು ಒಮ್ಮೆಯೂ ಇಲ್ಲ.

"ಈಗಲೇ ಮಾಡು," ಎಂದಳು ತಂಗಿ.

ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಇನ್ನೊಮ್ಮೆ ಮಾಡಿದಳು. ಆಗಲೂ ಎತ್ತಲಿಲ್ಲ.

"ಎತ್ತಲ್ಲ," ಎಂದಳು ಅಕ್ಕ. "ಯಾಕೆ ಎತ್ತಬೇಕು?"

"ಹಾಗಾದ್ರೆ ಬರಿ. ಅವರು ಅಲ್ಲಿ ಇದ್ದಾರೆ ಅಂತ ಗೊತ್ತಾಯ್ತಲ್ಲ. ನೀನು ಹಾಕಿದ್ದನ್ನ ಓದೇ ಓದ್ತಾರೆ. ಓದಿ ಇನ್ನೊಂದು ಗುಂಡಿ ಒತ್ತೋ ಹಾಗೆ ಇರ್ಬಾರ್ದು, ಅಷ್ಟೆ."

ಕೆಲಸ ಈಗ ಬೇರೆಯೇ ಆಗಿಬಿಟ್ಟಿತ್ತು. ಮುನ್ನೂರು ಜನರಿಗೆಂದು ಬರೆಯಹೊರಟದ್ದು ಒಬ್ಬ ಮನುಷ್ಯನಿಗೆ ಬರೆಯುವ ಕಾಗದವಾಗಿತ್ತು. ಆದರೂ ಮುನ್ನೂರು ಜನ ಓದುತ್ತಾರೆ. ಸುಳ್ಳು ಹೇಳಿದರೆ ಅವನು ಹಿಡಿಯುತ್ತಾನೆ. ಅತ್ತುಕೊಂಡರೆ ಅವನು ಹೇಸುತ್ತಾನೆ. ಅವನ ಸ್ನೇಹ ಉಳಿದರೆ ಈ ನಾಲ್ಕು ಸಾಲಿನಿಂದ ಉಳಿಯಬೇಕು.

ತಂಗಿ ತನ್ನ ಕಸುಬಿನ ದನಿಗೆ ಬಂದಳು. "ಕೇಳು. ಮೊದಲ ಎರಡು ಸಾಲು ಮಾತ್ರ ಕಾಣೋದು. ಮಿಕ್ಕಿದ್ದು 'ಇನ್ನಷ್ಟು' ಅಂತ ಒತ್ತಿದವರಿಗೆ. ಅದಕ್ಕೆ ಹೇಳೋದನ್ನ ತುದಿಗೆ ತರ್ಬೇಕು. ಹಳೇ ಕಂಪನಿ ಹೆಸರು ಎತ್ತಬೇಡ, ಕೆಟ್ಟದ್ದು ಆಡಲ್ಲ ಅಂತ ಬಿಡುಗಡೆ ಪತ್ರದಲ್ಲಿ ಸಹಿ ಹಾಕಿದ್ದೀಯ. ಹೊಸ ಜಾಗದ ಹೆಸರು ಹಾಕೋಕೆ ಅವರನ್ನ ಕೇಳ್ಬೇಕು. ನಿಜ ಹೇಳ್ಬೇಕಂದ್ರೆ ಪ್ರೊಬೇಷನ್ ಮುಗಿಯೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿರ್ಬೇಕಿತ್ತು, ಬೀಗ ನಾನೇ ಮುರಿದೆ. ಆಮೇಲೆ ಸಹಾಯ ಮಾಡಿದವರಿಗೆ ಥ್ಯಾಂಕ್ಸು."

"ಅಲ್ಲಿ ಕೆಲಸ ಕಲಿಸೋ ಮೇಷ್ಟ್ರನ್ನ ನಿನ್ನೆನೇ ಕೇಳ್ದೆ," ಎಂದಳು ಅಕ್ಕ.

"ಏನಂದ್ರು?"

"'ನನ್ನ ಹೆಸರು ಬೇಡ. ಬಂದವರ ಮುಖ ಬೇಡ. ನೀವು ಬರೆದ ಬಿಲ್ಲೆ ಹಾಕ್ಕೊಳ್ಳಿ, ಅದು ನಿಮ್ಮದು' ಅಂದ್ರು."

ಫೋನಿನಲ್ಲಿದ್ದ ಚಿತ್ರ ಅದೇ. ಬಿಳಿ ಹಂಚಿನ ಮೇಲೆ ಉಗುರಿನಷ್ಟಗಲದ ಒಂದು ಗುಂಡು ಬಿಲ್ಲೆ, ನಡುವೆ ಕಪ್ಪು ಚುಕ್ಕೆ, ಸುತ್ತ ಕಂದು. ಪಕ್ಕದಲ್ಲಿ ನಾಲ್ಕೇ ಕೂದಲಿನ ಕುಂಚ. ಕೃತಕ ಕಣ್ಣಿನ ಬಣ್ಣದ ಬಿಲ್ಲೆ.

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಲಾಂಡ್ರಿಯನ್ನು ದಾಟಿದ ಮೇಲೆ ಆ ಕೋಣೆ ಸಿಗುತ್ತದೆ. ಬಾಗಿಲು ತೆರೆದು ಮೊದಲ ಸಲ ಒಳಗೆ ಕಾಲಿಟ್ಟಾಗ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಬೀರುಗಳು, ಬೀರುಗಳಲ್ಲಿ ಸಣ್ಣ ಖಾನೆಗಳ ತಟ್ಟೆಗಳು, ಖಾನೆಗೊಂದರಂತೆ ಕಣ್ಣು. ನೂರಾರು ಕಣ್ಣು. ಕೆಲವಕ್ಕೆ ಇನ್ನೂ ಬಣ್ಣವಿಲ್ಲ, ಮೊಟ್ಟೆಯ ಹಾಗೆ ಬಿಳಿ. ಕೆಲವು ಮುಗಿದು ಹೊಳೆಯುತ್ತ ತಮ್ಮ ಒಡೆಯರನ್ನು ಕಾಯುತ್ತಿದ್ದವು. ರಾಕ್ಷಸನ ಪ್ರಾಣವನ್ನು ಡಬ್ಬಿಯಲ್ಲಿಟ್ಟಿದ್ದಾರೆ ಎಂದು ಚಿಕ್ಕಂದಿನಲ್ಲಿ ಕೇಳಿದಾಗ ಹೇಗೆ ಉಸಿರು ಕಟ್ಟಿತ್ತೋ ಹಾಗೆ ಕಟ್ಟಿತು. ಇಲ್ಲಿ ಡಬ್ಬಿಯಲ್ಲಿದ್ದದ್ದು ಬಸ್ ಕಂಡಕ್ಟರರದು, ದರ್ಜಿಯದು, ಶಾಲೆಗೆ ಹೋಗುವ ಹುಡುಗಿಯದು.

ಮೇಷ್ಟ್ರು ತೆಳ್ಳಗಿನ ಮುದುಕರು. ಡಾಕ್ಟರಲ್ಲ, ಡಾಕ್ಟರ ಹಾಗೆ ಬಿಳಿ ಕೋಟು. ಪರೀಕ್ಷೆಗೆಂದು ಅವರು ಮುಗಿದ ಕಣ್ಣೊಂದನ್ನೂ ಖಾಲಿ ಬಿಲ್ಲೆಯೊಂದನ್ನೂ ಮುಂದಿಟ್ಟು, "ಇದಕ್ಕೆ ಹೋಲೋ ಹಾಗೆ ಹಚ್ಚಿ" ಎಂದು ಹೇಳಿ ತಮ್ಮ ಪಾಡಿಗೆ ಮೇಣ ಕೆತ್ತುತ್ತ ಕೂತರು. ಅವಳು ಬಣ್ಣ ಬೆರೆಸಿದಳು, ಹಚ್ಚಿದಳು, ಕಿಟಕಿಯ ಬಳಿ ಹೋಗಿ ನೋಡಿದಳು, ಟ್ಯೂಬ್‌ಲೈಟಿನ ಕೆಳಗೆ ಬಂದು ನೋಡಿದಳು. ಆಮೇಲೆ, "ಸ್ವಲ್ಪ ನೀರು ಸಿಗುತ್ತಾ ಸಾರ್?" ಎಂದಳು. ಕುಡಿಯಲಿಕ್ಕೆಂದು ಅವರು ಲೋಟ ಮುಂದೆ ಸರಿಸಿದರು. ಅವಳು ಕಡ್ಡಿಯ ತುದಿಯಲ್ಲಿ ಒಂದೇ ಹನಿ ಎತ್ತಿ ಬಿಲ್ಲೆಯ ಮೇಲೆ ಬಿಟ್ಟಳು. ಹನಿಯಡಿಯಲ್ಲಿ ಬಣ್ಣ ಗಾಢವಾಯಿತು. ಅವಳು ತಲೆಯಲ್ಲಾಡಿಸಿ, ಬಟ್ಟೆಯಿಂದ ಹನಿ ಹೀರಿ, ಒಂದು ಪದರ ತಿಳಿ ಬಣ್ಣ ಕೊಟ್ಟಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಿಲ್ಲೆಯ ಮೇಲೆ ಕೊನೆಗೆ ಪಾರದರ್ಶಕ ಗುಮ್ಮಟವೊಂದು ಕೂರುತ್ತದೆ, ಅದರಡಿಯಲ್ಲಿ ಯಾವ ಬಣ್ಣವೂ ಕಪ್ಪಾಗಿ ಆಳಕ್ಕೆ ಇಳಿಯುತ್ತದೆ, ಅದಕ್ಕೇ ನೀರು ಬಿಟ್ಟು ನೋಡಬೇಕು. ಇದನ್ನು ಕಲಿಸಲು ಅವರಿಗೆ ಒಬ್ಬೊಬ್ಬರಿಗೂ ತಿಂಗಳು ಹಿಡಿಯುತ್ತಿತ್ತಂತೆ.

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸಾರ್. ಬಟ್ಟೆ ನೆಂದಾಗ ಒಂದು ಬಣ್ಣ, ಒಣಗಿದಾಗ ಒಂದು ಬಣ್ಣ. ನೆಂದಾಗ ನೋಡಿ ಒಪ್ಪಿದ್ರೆ ಗಿರಾಕಿ ವಾಪಸ್ ಕಳಿಸ್ತಾನೆ."

"ಸೋಮವಾರದಿಂದ ಬನ್ನಿ," ಎಂದು ಮತ್ತೆ ಮೇಣಕ್ಕೆ ಕೈಹಾಕಿದರು.

ಬುಧವಾರ ಆ ಕಂಡಕ್ಟರರು ತಮ್ಮ ಕೃತಕ ಕಣ್ಣಿಗೆ ಬಣ್ಣ ಹೊಂದಿಸಿಕೊಳ್ಳಲು ಬಂದರು. ಕಾರ್ಡಿನಲ್ಲಿ "ಕಂದು" ಎಂದಷ್ಟೇ ಬರೆದಿತ್ತು. ಮೇಷ್ಟ್ರು ಅವಳ ಕೈಗೆ ಭೂತಗನ್ನಡಿ ಕೊಟ್ಟು, ಅವರ ಒಳ್ಳೆಯ ಕಣ್ಣನ್ನು ಕಿಟಕಿಯ ಬೆಳಕಿನಲ್ಲಿ ನೋಡಲು ಹೇಳಿದರು. ಅವಳು ನೋಡಿದಳು. ಕಂದು ಎಲ್ಲಿದೆ? ಪಾಪೆಯ ಸುತ್ತ ಜೇನಿನ ಉಂಗುರ. ಅದರಿಂದ ಹೊರಕ್ಕೆ ಕಿರಣಗಳ ಹಾಗೆ ತುಕ್ಕಿನ ಎಳೆಗಳು, ಎಳೆಗಳ ನಡುವೆ ಪಾಚಿಯ ಹಸಿರು. ಅಂಚಿನಲ್ಲಿ ಮಂಜು ಕವಿದ ಬೂದು. ಗಡಿಯಾರದಲ್ಲಿ ಐದು ಇರುವ ಜಾಗದಲ್ಲಿ ಸಾಸಿವೆಯ ತುಣುಕಿನಷ್ಟು ಚಿನ್ನ. ಹದಿನಾಲ್ಕು ವರ್ಷ ಸಾವಿರ ಸಾವಿರ ಗಜ ಬಟ್ಟೆಯ ಬಣ್ಣ ನೋಡಿದವಳಿಗೆ, ಚಿಲ್ಲರೆ ಕೊಡುತ್ತ ಬೈಸಿಕೊಳ್ಳುವ ಒಬ್ಬ ಮನುಷ್ಯ ಇಷ್ಟೆಲ್ಲವನ್ನೂ ಮುಖದಲ್ಲಿಟ್ಟುಕೊಂಡು ಊರೆಲ್ಲ ಓಡಾಡುತ್ತಾನೆ ಎಂಬುದು ಗೊತ್ತೇ ಇರಲಿಲ್ಲ. ಅಂಚಿನ ಬೂದು ಉಂಗುರ ಬರೆಯಲು ಮಾತ್ರ ಮೇಷ್ಟ್ರು ಅವಳಿಗೆ ಬಿಟ್ಟರು. ಉಳಿದದ್ದೆಲ್ಲ ಅವರೇ. ಬಿಳಿಯ ಭಾಗಕ್ಕೆ ನರಗಳೆಂದು ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸಿ, ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಶುಕ್ರವಾರ ತೊಡಿಸಿದರು. ಕಂಡಕ್ಟರರು ಕನ್ನಡಿ ಹಿಡಿದು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಒಂದೊಂದು ಸಲ ನನಗೇ ಮರೆತು ಒಳ್ಳೇದನ್ನ ತೆಗೆಯೋಕೆ ಹೋದ್ರೆ ಏನ್ರಿ ಗತಿ?" ಎಂದು ಕೇಳಿದರು.

ಇದನ್ನೆಲ್ಲ ತಂಗಿಗೆ ಹೇಳಿ ಮುಗಿಸಿದಾಗ ಟೀ ಆರಿತ್ತು.

"ಇದನ್ನೇ ಬರಿ," ಎಂದಳು ತಂಗಿ.

"ಅವರ ಕಣ್ಣು ಅವರದು. ಬರೆಯೋ ಹಾಗಿಲ್ಲ."

"ಸರಿ, ನಾನು ಬರೀತೀನಿ ನೋಡು." ಅವಳ ಬೆರಳು ಟಪಟಪ ಓಡಿತು. "'ಅತ್ಯಂತ ಹರ್ಷದಿಂದ ಹಂಚಿಕೊಳ್ಳುತ್ತಿದ್ದೇನೆ. ಪ್ರತಿ ಕತ್ತಲೆಯ ಕೊನೆಯಲ್ಲೂ ಬೆಳಕಿದೆ. ನನ್ನ ಮೇಲೆ ನಂಬಿಕೆಯಿಟ್ಟ ಪ್ರತಿಯೊಬ್ಬರಿಗೂ—'"

"ಯಾರು ನಂಬಿಕೆ ಇಟ್ಟಿದ್ರು?"

"ನಾನಿಟ್ಟಿದ್ದೆ."

"ನೀನು ಟೈಪಿಂಗ್ ಕಲಿ ಅಂತ ಹೇಳ್ತಿದ್ದೆ."

"ಅದೂ ಒಂಥರ ನಂಬಿಕೆನೇ ಅಲ್ವ," ಎಂದು ತಂಗಿ ಅಳಿಸಿದಳು.

ಅಕ್ಕ ಫೋನು ತೆಗೆದುಕೊಂಡು ಕಿಟಕಿಗೆ ಬೆನ್ನು ಮಾಡಿ ಕೂತಳು. ಈ ಸಲ ಕಟ್ಟೆ ಒಡೆದ ಹಾಗೆ ಬರೆದಳು. ಬೆಳಗಾಗುವುದನ್ನು ಕಂಡರೆ ಭಯವಾಗುತ್ತಿದ್ದದ್ದು, ಸಂದರ್ಶನದ ಕೋಣೆಯಲ್ಲಿ ಮಗನ ವಯಸ್ಸಿನವನೊಬ್ಬ ಆಕಳಿಸಿದ್ದು, ಎದೆಯ ಮೇಲೆ ಕಲ್ಲು ಹೊತ್ತಂತೆ ಮಲಗಿದ್ದು, ನಂಟರ ಮದುವೆಗೆ ಜ್ವರದ ನೆಪ ಹೇಳಿದ್ದು. ಬರೆದು ತಂಗಿಗೆ ಕೊಟ್ಟಳು. ತಂಗಿ ಓದಿದಳು. ಅವಳ ಮೂಗಿನ ತುದಿ ಕೆಂಪಾಯಿತು. ಆದರೂ ಕಸುಬು ಬಿಡಲಿಲ್ಲ.

"ಅಕ್ಕಾ, ಇದನ್ನ ಹಾಕಿದ್ರೆ ಜನ ಮನೆ ಬಾಗಿಲಿಗೆ ಹಣ್ಣು ತಗೊಂಡು ಬರ್ತಾರೆ, ರೋಗಿ ನೋಡೋಕೆ ಬಂದ ಹಾಗೆ. ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ತಕ್ಕಡಿಯಣ್ಣ ಓದಿದ್ರೆ ಏನಂತಾರೆ?"

ಅಕ್ಕ ಸ್ವಲ್ಪ ಯೋಚಿಸಿದಳು. "'ಕೆಲಸ ಸಿಕ್ಕಿದವಳು ಯಾಕಮ್ಮ ಅಳ್ತೀಯ, ಸಿಗದವನು ನಾನಿಲ್ಲಿ ಸುಮ್ನೆ ಕೂತಿರುವಾಗ' ಅಂತಾರೆ."

ಅದನ್ನೂ ಅಳಿಸಿದಳು. ಕಿಟಕಿಯಾಚೆ ಎದುರುಮನೆಯವರು ಬಟ್ಟೆ ತೆಗೆಯುತ್ತಿದ್ದರು. ಅವಳಿಗೆ ಕಾರ್ಖಾನೆಯಲ್ಲಿ ದಿನವೂ ತುಂಬುತ್ತಿದ್ದ ಚೀಟಿ ನೆನಪಾಯಿತು. ಆ ಚೀಟಿಯಲ್ಲಿ ಸುಂದರ ಎಂದು ಬರೆಯುವಂತಿರಲಿಲ್ಲ, ಕೆಟ್ಟದು ಎಂದೂ ಇಲ್ಲ. ಕೆಂಪು ಸ್ವಲ್ಪ ಹೆಚ್ಚು. ಹಳದಿ ಕಡಿಮೆ. ಇಂಥ ದೀಪದಲ್ಲಿ ಹೋಲುತ್ತದೆ, ಇಂಥದ್ದರಲ್ಲಿ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದು ಕೆಳಗೆ ಸಹಿ. ಆ ಚೀಟಿಯನ್ನು ತಕ್ಕಡಿಯಣ್ಣ ಹದಿನಾಲ್ಕು ವರ್ಷ ಓದಿದ್ದ, ಒಂದು ದಿನವೂ ಇದು ನಿಜವೇ ಎಂದು ಕೇಳಿರಲಿಲ್ಲ.

ಅವಳು ಬರೆಯತೊಡಗಿದಳು. ಒಂದೊಂದು ಸಾಲಿಗೂ ನಿಂತು, ಮೂರು ದೀಪದಲ್ಲಿ ಹಿಡಿದು ನೋಡಿದ ಹಾಗೆ ನೋಡಿ. ಕೆಲಸ ಕಳೆದುಕೊಂಡ ಹನ್ನೊಂದು ಜನರ ವಾಟ್ಸಾಪ್ ಗುಂಪಿನಲ್ಲಿ ಹಳೆಯ ಸಂದೇಶಗಳನ್ನು ತೆರೆದು, ಯಾರಿಗೆ ಕೆಲಸ ಸಿಕ್ಕಿದೆ ಯಾರಿಗಿಲ್ಲ ಎಂದು ಎಣಿಸಿದಳು. ಐದೂವರೆಗೆ ಫೋನನ್ನು ಮೇಜಿನ ಮೇಲಿಟ್ಟು ತಂಗಿಯ ಕಡೆ ತಳ್ಳಿದಳು.

*ಏಳು ತಿಂಗಳು ಹನ್ನೊಂದು ದಿನ ಕೆಲಸ ಇರಲಿಲ್ಲ. ಈ ಸೋಮವಾರದಿಂದ ಇದೆ.*

*ಹದಿನಾಲ್ಕು ವರ್ಷ ಬಟ್ಟೆಯ ಬಣ್ಣ ಹೊಂದಿಸುತ್ತಿದ್ದೆ. ಒಂದು ಬೆಳಿಗ್ಗೆ ಹನ್ನೊಂದು ಜನರನ್ನು ಕೆಲಸದಿಂದ ಬಿಡಿಸಿದರು, ಅವರಲ್ಲಿ ನಾನೊಬ್ಬಳು. ಅರವತ್ತೆರಡು ಕಡೆ ಅರ್ಜಿ ಹಾಕಿದೆ. ಒಂಬತ್ತು ಕಡೆಯಿಂದ ಉತ್ತರ ಬಂತು. ನಾಲ್ಕು ಕಡೆ ಕರೆದರು. ಮೂರು ಕಡೆ ನಾನೇ ಸರಿಯಾಗಿ ಮಾತಾಡಲಿಲ್ಲ.*

*ಲೈಬ್ರರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಆಸ್ಪತ್ರೆಯಲ್ಲಿ ಕಾಯುವವರ ಬೆಂಚಿನ ಮೇಲೆ ಕೂರುತ್ತಿದ್ದೆ. ಅಲ್ಲಿ ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಈ ಕೆಲಸದ ಚೀಟಿ ಅಂಟಿಸಿದ್ದು ಅದೇ ಬೆಂಚಿನ ಎದುರಿನ ಗೋಡೆಗೆ. ಇದರಲ್ಲಿ ನನ್ನ ಜಾಣತನ ಏನಿಲ್ಲ.*

*ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರು ಹತ್ತೊಂಬತ್ತು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಹೇಳಲು ಒಳ್ಳೆ ಸುದ್ದಿ ಇಲ್ಲವೆಂದು ಎತ್ತಲಿಲ್ಲ. ಒಳ್ಳೆ ಸುದ್ದಿ ಬಂದ ಮೇಲೆ, ಅವರಿಗೆ ಅದು ಒಳ್ಳೆ ಸುದ್ದಿಯೋ ಅಲ್ಲವೋ ಎಂದು ಮಾಡಲಿಲ್ಲ. ಎರಡೂ ತಪ್ಪು.*

*ಹನ್ನೊಂದರಲ್ಲಿ ಐವರು ಇನ್ನೂ ಹುಡುಕುತ್ತಿದ್ದಾರೆ. ಪುಡಿ, ರಸಾಯನ, ಔಷಧಿ ಯಾವುದನ್ನೇ ಆಗಲಿ ತಪ್ಪಿಲ್ಲದೆ ತೂಗಬಲ್ಲವರು, ಬಣ್ಣದ ತೊಟ್ಟಿ ನಡೆಸಬಲ್ಲವರು, ಗೋದಾಮು ನೋಡಬಲ್ಲವರು ಇದ್ದಾರೆ. ಬೇಕಿದ್ದವರು ನನಗೆ ಬರೆಯಿರಿ, ಅವರನ್ನು ಕೇಳಿ ನಂಬರು ಕೊಡುತ್ತೇನೆ.*

*ಚಿತ್ರದಲ್ಲಿರುವುದು ಕೃತಕ ಕಣ್ಣಿಗೆ ಕೂರಿಸುವ ಬಣ್ಣದ ಬಿಲ್ಲೆ. ನನ್ನ ಮೊದಲನೆಯದು. ಇನ್ನೂ ಒಣಗಿಲ್ಲ.*

ತಂಗಿ ಓದಿ ಮುಗಿಸಿ ಮತ್ತೆ ಮೇಲಿನಿಂದ ಓದಿದಳು. ಆಮೇಲೆ ಫೋನನ್ನು ಬಹಳ ಜೋಪಾನವಾಗಿ ಕೆಳಗಿಟ್ಟಳು.

"ಲೈಬ್ರರಿಗೆ ಹೋಗ್ತಿರ್ಲಿಲ್ವಾ?"

"ಇಲ್ಲ."

"ದಿನಾ ಸಂಜೆ ಬಂದು ಓದಿದ ಪುಸ್ತಕದ ಕಥೆ ಹೇಳ್ತಿದ್ಯಲ್ಲ. ಆ ದ್ವೀಪದ್ದು. ದೀಪ ಹಚ್ಚೋ ಹೆಂಗಸಿಂದು."

"ಬೆಂಚಿನ ಮೇಲೆ ಕೂತು ಕಟ್ಟಿದ್ದು. ನೀನು ಕೇಳ್ತೀಯ ಅಂತ."

ತಂಗಿ ಕಿಟಕಿಯ ಕಡೆ ನೋಡಿದಳು. "ಅದರ ಎರಡನೇ ಭಾಗ ಹುಡುಕ್ಕೊಂಡು ಮೂರು ಪುಸ್ತಕದ ಅಂಗಡಿ ಅಲೆದೆ ನಾನು. ಅಂಗಡಿಯವನಿಗೆ ಓದುಗರ ಬಗ್ಗೆ ಮರ್ಯಾದೆ ಇಲ್ಲ ಅಂತ ಜಗಳ ಬೇರೆ ಆಡಿದ್ದೀನಿ."

ಇಬ್ಬರೂ ಒಮ್ಮೆಗೇ ನಕ್ಕರು. ನಗು ಮುಗಿದ ಮೇಲೂ ತಂಗಿ ಅಕ್ಕನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಒಂದು ಕೈಯಲ್ಲೇ ಚಿತ್ರವನ್ನು ಸರಿಯಾಗಿ ಕೂರಿಸಿ, ಒಂದು ಅಕ್ಷರವನ್ನೂ ಮುಟ್ಟದೆ, "ಈ ಸಲ ನೀನೇ ಒತ್ತು" ಎಂದಳು.

ಒತ್ತಿದಳು.

ಹತ್ತು ನಿಮಿಷ ಏನೂ ಇಲ್ಲ. ಎರಡು ಲೈಕು ಬಂದವು, ಯಾರೋ ದೂರದವರದು. ಒಂದು ಚಪ್ಪಾಳೆಯ ಗುರುತು. ತಂಗಿ ಪಾತ್ರೆ ತೊಳೆಯಲು ಎದ್ದಳು. ಅವಳು ನಲ್ಲಿ ತಿರುಗಿಸುವಷ್ಟರಲ್ಲಿ ಮೊದಲ ಕಾಮೆಂಟು ಬಂತು.

ತಕ್ಕಡಿಯಣ್ಣನದು. ಹೊಗಳಿಕೆ ಇಲ್ಲ, ಕೋಪ ಇಲ್ಲ. "ಏಳು ತಿಂಗಳು ಹದಿನಾರು ದಿನ. ನಡೀತಿದೆ."

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹನ್ನೊಂದಕ್ಕೆ ಈ ವಾರದ ಐದು ದಿನ ಸೇರಿಸಿದರೆ ಹದಿನಾರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬಟನ್ನು ಒತ್ತಿದ್ದಲ್ಲ ಇದು, ತೂಗಿ ಬರೆದದ್ದು.

ಉತ್ತರ ಬರೆಯಲು ಅವಳು ಬೆರಳಿಡುವಷ್ಟರಲ್ಲಿ ಅವನ ಸಾಲಿನ ಕೆಳಗೆ ಇನ್ನೊಂದು ಮೂಡಿತು. ಅವಳಿಗೆ ಗೊತ್ತಿಲ್ಲದ ಹೆಂಗಸು. "ಹದಿಮೂರು ತಿಂಗಳು. ಯಾರಿಗೂ ಹೇಳಿರಲಿಲ್ಲ." ಅದರ ಕೆಳಗೆ ಅವಳ ಜೊತೆ ಓದಿದವನು, ಮೂರು ವರ್ಷದ ಹಿಂದೆ ಬೆಟ್ಟದ ತುದಿಯಲ್ಲಿ ನಿಂತು ಫೋಟೋ ಹಾಕಿದವನು. "ಒಂಬತ್ತು. ಆಗ ವಿಶ್ರಾಂತಿ ತಗೊಂಡಿದ್ದೇನೆ ಅಂತ ಬರೆದಿದ್ದೆ."

"ಇಲ್ಲಿ ಬಾ," ಎಂದಳು ಅಕ್ಕ.

ತಂಗಿ ನೊರೆಯ ಕೈಯಲ್ಲೇ ಬಂದು ಹೆಗಲ ಮೇಲಿಂದ ಬಗ್ಗಿದಳು. ಆರು ತಿಂಗಳು. ಎರಡು ವರ್ಷ, ನಡುವೆ ಮಗು ಆಗಿದ್ದಕ್ಕೆ ಯಾರೂ ಲೆಕ್ಕ ಹಿಡಿಯಲಿಲ್ಲ. ನಾಲ್ಕು ತಿಂಗಳು, ಇವತ್ತಿಗೆ. ಹದಿನೆಂಟು. ಅಪ್ಪನದು ಮೂರು ವರ್ಷ, ನಾವು ಚಿಕ್ಕವರಿದ್ದೆವು, ಈಗ ಗೊತ್ತಾಗುತ್ತಿದೆ. ಬರೆದವರಲ್ಲಿ ಒಬ್ಬರೂ ಅಯ್ಯೋ ಎನ್ನಲಿಲ್ಲ, ಅಭಿನಂದನೆ ಎನ್ನಲಿಲ್ಲ. ತಮ್ಮ ತಮ್ಮ ತಿಂಗಳುಗಳನ್ನು ತಂದು ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು. ಈ ಹೆಸರುಗಳಲ್ಲಿ ಬಹಳಷ್ಟು ಅವಳಿಗೆ ಗೊತ್ತಿದ್ದವು. ಏಳು ತಿಂಗಳು ಅವಳು ಇವರ ನಗುವ ಮುಖಗಳನ್ನೇ ಸರಿಸಿ ಸರಿಸಿ, ಎಲ್ಲರೂ ದಡ ಸೇರಿದ್ದಾರೆ, ನಾನೊಬ್ಬಳೇ ನೀರಿನಲ್ಲಿ ಎಂದುಕೊಂಡಿದ್ದಳು.

"ಇವಳು ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಸೊಸೆ," ಎಂದು ತಂಗಿ ಪಿಸುಗುಟ್ಟಿದಳು. ಯಾಕೆ ಪಿಸುಗುಟ್ಟಿದಳೋ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಇವಳೂ?"

ಆರು ಗಂಟೆ ದಾಟಿದ ಮೇಲೆ ಒಂದು ಸಾಲು ಬಂತು. ಹೆಸರು ನೋಡಿ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆ ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಮುಖ ನೋಡದೆ ಕಾಗದ ಓದಿದ ಸಿಬ್ಬಂದಿ ವಿಭಾಗದ ಹೆಂಗಸು.

"ಐದು ತಿಂಗಳು. ನಿಮ್ಮ ಹನ್ನೊಂದರ ನಂತರದ ಪಟ್ಟಿಯಲ್ಲಿ ನಾನೇ ಇದ್ದೆ. ಆವತ್ತು ನಿಮ್ಮ ಮುಖ ನೋಡಿದ್ದರೆ ಓದಲು ಆಗುತ್ತಿರಲಿಲ್ಲ."

ನಲ್ಲಿಯನ್ನು ನಿಲ್ಲಿಸಿರಲಿಲ್ಲ, ನೀರು ಸುರಿಯುತ್ತಲೇ ಇತ್ತು. ಅಕ್ಕ ಎದ್ದು ಹೋಗಿ ನಿಲ್ಲಿಸಿದಳು. ತಿರುಗುವಷ್ಟರಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಸಲ ಬಿಟ್ಟು ಬಿಟ್ಟು, ಒಂದೇ ಲಯದಲ್ಲಿ. ಕರೆ.

"ಎತ್ತು," ಎಂದಳು ತಂಗಿ.

"ಅಣ್ಣಾ."

"ಎತ್ತಿದ್ಯಾ? ಪರವಾಗಿಲ್ಲ, ಕಲ್ತಿದ್ದೀಯ," ಎಂದಿತು ಆ ಕಡೆಯ ದನಿ.

"ಮಧ್ಯಾಹ್ನ ಎರಡು ಸಲ ಮಾಡಿದ್ದೆ. ನೀವು ಎತ್ತಲಿಲ್ಲ."

"ಇನ್ನೂ ಹದಿನೇಳು ಬಾಕಿ ಇತ್ತು. ನಿನಗೂ ರುಚಿ ಗೊತ್ತಾಗ್ಲಿ ಅಂತ ಬಿಟ್ಟಿದ್ದೆ. ಆಮೇಲೆ ಇದನ್ನ ಓದಿದೆ." ಹಿಂದೆ ಎಲ್ಲೋ ಕುಕ್ಕರು ಕೂಗಿತು. "ಅದೇನು ಅಂತ ಅನ್ಕೊಂಡೆ ನೀನು? ನಿನಗೆ ಕೆಲಸ ಸಿಕ್ಕಿದ್ರೆ ನನ್ನ ಹೊಟ್ಟೆ ಉರಿಯುತ್ತೆ ಅಂತಾನಾ?"

"ಹೂಂ."

"ಉರೀತು. ಮೂರು ಗಂಟೆಯಿಂದ ಐದೂವರೆವರೆಗೆ ಚೆನ್ನಾಗಿ ಉರೀತು. ಮಜ್ಜಿಗೆ ಕುಡಿದೆ. ಏನಾಗುತ್ತೆ ಅದಕ್ಕೆ? ಉರಿದ್ರೆ ಉರಿದಿದ್ದು. ಫೋನ್ ಎತ್ತಬಾರ್ದು ಅಂತೇನಿಲ್ಲವಲ್ಲ." ಆಮೇಲೆ ದನಿ ತಗ್ಗಿತು. "ಆಸ್ಪತ್ರೆಗೆ ಹೋಗ್ತಿದ್ಯಾ ನೀನು?"

"ಹೂಂ ಅಣ್ಣಾ."

"ನಾನು ರೈಲ್ವೆ ಸ್ಟೇಷನ್ನು. ಎರಡನೇ ಪ್ಲಾಟ್‌ಫಾರಂ. ಪ್ಲಾಟ್‌ಫಾರಂ ಟಿಕೆಟ್ ತಗೊಂಡು, ಯಾರನ್ನೋ ಇಳಿಸಿಕೊಳ್ಳೋಕೆ ಬಂದವನ ಥರ. ಆಸ್ಪತ್ರೆ ಹೊಳೀಲೇ ಇಲ್ಲ ನೋಡು. ಫ್ಯಾನ್ ಇರುತ್ತೆ ಅಲ್ವ ಅಲ್ಲಿ?"

"ಇರುತ್ತೆ."

"ಛೆ," ಎಂದ ತಕ್ಕಡಿಯಣ್ಣ, ನಿಜವಾದ ಬೇಸರದಿಂದ. "ಇರ್ಲಿ. ಔಷಧಿ ತೂಗೋನು ಬೇಕು ಅಂತ ಈಗ ತಾನೇ ಒಬ್ರು ಕೆಳಗೆ ಬರೆದಿದ್ದಾರೆ. ನೋಡಿದ್ಯಾ? ಅವರಿಗೆ ನನ್ನ ನಂಬರು ಕೊಡು. ಕೇಳಿ ಕೊಡ್ತೀನಿ ಅಂತ ಬರೆದಿದ್ದೀಯಲ್ಲ. ಕೇಳ್ದೆ ಅಂತ ಅಂದ್ಕೋ, ಕೊಡು."

ಅವಳು ಕೊಟ್ಟಳು. ಅವರು ಕರೆಯುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಭಾನುವಾರವಿಡೀ ಸಾಲುಗಳು ಬರುತ್ತಲೇ ಇದ್ದವು. ನೂರ ನಲವತ್ತರ ನಂತರ ತಂಗಿ ಎಣಿಸುವುದನ್ನು ಬಿಟ್ಟಳು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎರಡು ನಿಲ್ದಾಣಗಳಾದ ಮೇಲೆ ಮೂವತ್ತೈದರ ಒಬ್ಬ ಮನುಷ್ಯ ಹತ್ತಿದ. ಅವಳ ಪಕ್ಕದ ಸೀಟು ಖಾಲಿಯಿತ್ತು. ಅವನು ಅದನ್ನು ನೋಡಿ, ತನ್ನ ಇಸ್ತ್ರಿಯಾದ ಪ್ಯಾಂಟನ್ನು ನೋಡಿಕೊಂಡು, ಕೂರದೆ ಕಂಬ ಹಿಡಿದು ನಿಂತ. ಇನ್ನೊಂದು ಕೈಯಲ್ಲಿ ಸರ್ಟಿಫಿಕೇಟುಗಳ ಪಾರದರ್ಶಕ ಫೈಲು, ಹೆಗಲಲ್ಲಿ ಚೀಲ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವನು ಫೈಲನ್ನು ಎದೆಗೆ ಒತ್ತಿಕೊಳ್ಳುತ್ತಿದ್ದ. ತುಟಿಗಳು ಸದ್ದಿಲ್ಲದೆ ಏನನ್ನೋ ಒಪ್ಪಿಸುತ್ತಿದ್ದವು.

ಅವಳು ಕೈ ಚಾಚಿದಳು. "ಚೀಲ ಕೊಡಿ, ಇಟ್ಕೊಂಡಿರ್ತೀನಿ."

ಅವನು ಒಂದು ಕ್ಷಣ ಅನುಮಾನಿಸಿ ಕೊಟ್ಟ. ಚೀಲ ಅವಳು ಎಣಿಸಿದ್ದಕ್ಕಿಂತ ಭಾರವಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೀಳದ ಹಾಗೆ ಎರಡೂ ಕೈಯಿಂದ ಹಿಡಿದು, ಅವಳು ಹೊರಗೆ ನೋಡುತ್ತ ಕೂತಳು. ಬಸ್ಸು ತುಂಬುತ್ತಾ ಹೋಯಿತು.